ಒಂದೇ ಮುಖದಿಂದ ಅಳತೆ: ಮಾರ್ಟಿಸ್ ಲಾಕ್ ಕೂರಿಸುವ ಚಟುವಟಿಕೆಯ ಮೂಲಕ ಒಂದು ಗಣಿತ ಪಾಠ

ಪಾಠದ ಹಿನ್ನೆಲೆ

ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿಯ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಬಿ.ಎಸ್ಸಿ. ಬಿ.ಇಡಿ. ಕೋರ್ಸಿನಲ್ಲಿ ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ವಿಜ್ಞಾನದ ಉಪಕರಣ ಇಡುವ ಕೋಣೆಯ ಕದಕ್ಕೆ ಚಿಲಕ ಮತ್ತು ಕೊಂಡಿ ಮಾತ್ರ ಇದ್ದವು. ಕೊಂಡಿಯ ಮೊಳೆಗಳು ಸಡಿಲಾಗಿದ್ದರಿಂದ ಅಲ್ಲಿ ಮಾರ್ಟಿಸ್ ಲಾಕ್ ಕೂರಿಸಲು ಮುಖ್ಯ ಶಿಕ್ಷಕರು ಒಪ್ಪಿದರು. ಊರಿನ ಹಿರಿಯ ಬಡಿಗರೊಬ್ಬರು ಕೆಲಸ ಮಾಡಲು ಬಂದರು. ಆ ಕೆಲಸವನ್ನೇ ಹತ್ತನೆಯ ತರಗತಿಗೆ ಮೂರು ಅವಧಿಗಳ ಪಾಠವಾಗಿ ಯೋಜಿಸಿದೆ.

ಕದಕ್ಕೆ ಹೊರಗಿನಿಂದ ಹಚ್ಚುವ ಚಿಲಕ ಸ್ವಲ್ಪ ಓರೆಯಾದರೂ ತಿರುಪು ಬಿಚ್ಚಿ ಮತ್ತೆ ಹಚ್ಚಬಹುದು. ಮಾರ್ಟಿಸ್ ಲಾಕ್ ಹಾಗಲ್ಲ. ಅದು ಕದದ ದಪ್ಪದೊಳಗೇ ಹುದುಗಿ ಕೂರುತ್ತದೆ. ತಪ್ಪಾಗಿ ಕೊರೆದ ಗೂಡನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ. ಶಾಲೆಯಲ್ಲಿ ಇದ್ದದ್ದು ಒಂದೇ ಕದ. ಆದ್ದರಿಂದ ಉಳಿ ಹಿಡಿಯುವ ಮೊದಲು ಗುರುತು ಹಾಕುವುದಕ್ಕೇ ಒಂದು ಪೂರ್ತಿ ಅವಧಿ ಕೊಟ್ಟೆ.

ನಿರೀಕ್ಷಿತ ಕಲಿಕಾ ಫಲ ಒಂದೇ: ಒಂದು ವಸ್ತುವಿನ ಹಲವು ಅಳತೆಗಳನ್ನು ಒಂದೇ ಆಧಾರ ಮುಖದಿಂದ ತೆಗೆದುಕೊಂಡರೆ ಅವು ಒಂದಕ್ಕೊಂದು ಹೊಂದುತ್ತವೆ ಎಂಬುದನ್ನು ವಿದ್ಯಾರ್ಥಿ ಕಾರಣ ಸಹಿತ ವಿವರಿಸುವನು.

ಮೊದಲನೆಯ ಅವಧಿ: ಗುರುತು

ಕದ ಮುಚ್ಚಿದಾಗ ಚೌಕಟ್ಟಿನ ಒಳಗಿನ ಮೆಟ್ಟಿಗೆ ತಾಗಿ ನಿಲ್ಲುತ್ತದೆ. ಈ ಮೆಟ್ಟನ್ನು ಬಡಿಗರು ರಿಬೇಟ್ ಎನ್ನುತ್ತಾರೆ. ರಿಬೇಟಿಗೆ ತಾಗುವ ಕದದ ಮುಖವನ್ನು ನಾವು ಆಧಾರ ಮುಖ ಎಂದು ಕರೆದು, ಅದರ ಮೇಲೆ ಸೀಮೆಸುಣ್ಣದಿಂದ ‘ಆ’ ಎಂದು ಬರೆದೆವು.

ಕದದ ದಪ್ಪ 35 ಮಿ.ಮೀ. ಲಾಕಿನ ಒಡಲಿನ ದಪ್ಪ 15, ಎತ್ತರ 110, ಆಳ 70 ಮಿ.ಮೀ. ಒಡಲು ಬಿಗಿಯಾಗಿ ಸಿಕ್ಕಿಕೊಳ್ಳದಿರಲು ಗೂಡಿನ ಅಗಲವನ್ನು 16, ಎತ್ತರವನ್ನು 112 ಎಂದು ಇಟ್ಟುಕೊಂಡೆವು. 35ರಲ್ಲಿ 16 ಹೋದರೆ 19. ಎರಡೂ ಬದಿಗೆ 9.5 ಮಿ.ಮೀ. ಗೋಡೆ ಉಳಿಯುತ್ತದೆ.

ಇಲ್ಲಿ ತರಗತಿಯನ್ನು ಎರಡು ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದೊಂದು ಮರದ ತುಂಡು ಕೊಟ್ಟೆ. ಪಾಠಕ್ಕಾಗಿಯೇ ಬಡಿಗರಿಂದ ತುಂಡುಗಳನ್ನು ಒಂದು ತುದಿಯಲ್ಲಿ 35, ಇನ್ನೊಂದು ತುದಿಯಲ್ಲಿ 34 ಮಿ.ಮೀ. ದಪ್ಪ ಇರುವಂತೆ ಕೀಸಿಸಿದ್ದೆ. ಮೊದಲ ಗುಂಪು ಮಾರ್ಕಿಂಗ್ ಗೇಜನ್ನು 9.5ಕ್ಕೆ ಇಟ್ಟು ಎರಡೂ ಮುಖಗಳಿಂದ ಒಂದೊಂದು ಗೆರೆ ಎಳೆಯಿತು. ಎರಡನೆಯ ಗುಂಪು ಎರಡೂ ಗೆರೆಗಳನ್ನು ಆಧಾರ ಮುಖದಿಂದಲೇ ಎಳೆಯಿತು: ಮೊದಲು 9.5ಕ್ಕೆ, ಆಮೇಲೆ 25.5ಕ್ಕೆ.

ಗೆರೆಗಳ ನಡುವಿನ ಅಂತರ ಅಳೆದಾಗ ಮೊದಲ ಗುಂಪಿಗೆ ಒಂದು ತುದಿಯಲ್ಲಿ 16, ಇನ್ನೊಂದು ತುದಿಯಲ್ಲಿ 15 ಬಂತು. ಎರಡನೆಯ ಗುಂಪಿಗೆ ಉದ್ದಕ್ಕೂ 16. ಕಾರಣವನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಬರೆದರು. ಎರಡು ಮುಖಗಳಿಂದ ಅಳೆದರೆ ಗೂಡಿನ ಅಗಲ ‘ದಪ್ಪ − 19’. ದಪ್ಪ ಬದಲಾದಂತೆ ಅಗಲವೂ ಬದಲಾಗುತ್ತದೆ. ಒಂದೇ ಮುಖದಿಂದ ಅಳೆದರೆ ಅಗಲ ‘25.5 − 9.5’, ಇದರಲ್ಲಿ ದಪ್ಪದ ಮಾತೇ ಇಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ್, ಹಂಗಾದ್ರ ಮರ ತಪ್ಪಿದ್ರೂ ಗೂಡು ತಪ್ಪಂಗಿಲ್ಲ” ಎಂದ. ಆ ವಾಕ್ಯವನ್ನೇ ಪಾಠದ ಸಾರಾಂಶವಾಗಿ ಹಲಗೆಯ ಮೇಲೆ ಉಳಿಸಿದೆ.

ಎತ್ತರದ ಗುರುತಿಗೆ ಇನ್ನೊಂದು ಎಚ್ಚರ ಬೇಕು. ಕದದ ನಡು ಅಡ್ಡಪಟ್ಟಿಯ ಮೂತಿ ಅಂಚಿನ ನಿಲುಪಟ್ಟಿಯ ಒಳಗೆ ಸೇರಿರುತ್ತದೆ. ಅದೇ ಜಾಗದಲ್ಲಿ ಗೂಡು ತೋಡಿದರೆ ಕೂಡು ಕತ್ತರಿಸಿಹೋಗಿ ಕದವೇ ಸಡಿಲಾಗುತ್ತದೆ. ನಮ್ಮ ಕದದಲ್ಲಿ ಅಡ್ಡಪಟ್ಟಿ ನೆಲದಿಂದ 930 ಮಿ.ಮೀ.ಗೆ ಮುಗಿಯುತ್ತಿತ್ತು. ಲಾಕಿನ ನಡುಬಿಂದುವನ್ನು 1050ಕ್ಕೆ ಇಟ್ಟಾಗ ಗೂಡು 994ರಿಂದ 1106ರವರೆಗೆ ಬಂತು, ಕೂಡಿಗೆ ಧಕ್ಕೆಯಾಗಲಿಲ್ಲ.

ಎರಡನೆಯ ಅವಧಿ: ಕೊರೆತ ಮತ್ತು ಉಳಿ

ಕದವನ್ನು ತಿಜಾಗರಿಯಿಂದ ಬಿಚ್ಚಿ, ಅಂಚು ಮೇಲೆ ಬರುವಂತೆ ನಿಲ್ಲಿಸಿ ಭದ್ರವಾಗಿ ಬಿಗಿಯಲಾಯಿತು. ಕದದ ಮೇಲೆ ಉಳಿ ಹಿಡಿದವರು ಬಡಿಗರು ಮಾತ್ರ. ಮಕ್ಕಳು ಮರದ ತುಂಡಿನ ಮೇಲೆ ಅಭ್ಯಾಸ ಮಾಡಿದರು. ಎರಡೂ ಕೈಗಳು ಉಳಿಯ ಬಾಯಿಯ ಹಿಂದೆಯೇ ಇರಬೇಕು ಎಂಬ ನಿಯಮವನ್ನು ಮೊದಲೇ ಹೇಳಿದ್ದೆ.

112 ಮಿ.ಮೀ. ಉದ್ದದ ಗೂಡನ್ನು ಪೂರ್ತಿ ಉಳಿಯಿಂದಲೇ ತೋಡುವುದಿಲ್ಲ. 16 ಮಿ.ಮೀ. ಬಿಟ್‌ನಿಂದ ಆರು ತೂತು ಕೊರೆದು, ನಡುವೆ ಉಳಿದ ಮರವನ್ನು ಉಳಿಯಿಂದ ತೆಗೆಯುತ್ತಾರೆ. ತೂತುಗಳು ಒಂದರ ಮೇಲೊಂದು ಬಂದರೆ ಬಿಟ್ ಹಳೆಯ ತೂತಿನ ಕಡೆ ಜಾರುತ್ತದೆ. ಅದಕ್ಕೇ ನಡುವೆ ತೆಳುವಾದ ಗೋಡೆ ಬಿಡಬೇಕು. ಮೊದಲ ಮತ್ತು ಕೊನೆಯ ತೂತುಗಳ ಕೇಂದ್ರಗಳ ನಡುವೆ 112 − 16 = 96 ಮಿ.ಮೀ. ಇದೆ. ಅದನ್ನು ಐದು ಸಮಭಾಗ ಮಾಡಿದರೆ ಕೇಂದ್ರದಿಂದ ಕೇಂದ್ರಕ್ಕೆ 19.2, ಅಂದರೆ ತೂತುಗಳ ನಡುವೆ 3.2 ಮಿ.ಮೀ. ಗೋಡೆ. “ಆರು ತೂತು ಅಂದ ಮ್ಯಾಲೆ ಐದರಿಂದ ಯಾಕ ಭಾಗಿಸೋದು?” ಎಂಬ ಪ್ರಶ್ನೆ ಬಂತು. ಆರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಡುವಿನ ಅಂತರಗಳನ್ನು ಎಣಿಸಲು ಹೇಳಿದೆ. ಸಮಾಂತರ ಶ್ರೇಢಿಯ (n − 1) ಅವರಿಗೆ ಅಲ್ಲಿಯೇ ಕಂಡಿತು.

ತೂತಿನ ಆಳ 75 ಮಿ.ಮೀ.: ಒಡಲಿಗೆ 70, ಮುಂಪಟ್ಟಿಯ ದಪ್ಪಕ್ಕೆ 3, ಸಡಿಲಿಗೆ 2. ಬಿಟ್‌ನ ಮೇಲೆ 75ಕ್ಕೆ ಟೇಪು ಸುತ್ತಿದರೆ ಆಳ ಗೊತ್ತಾಗುತ್ತದೆ. ಇಷ್ಟು ಆಳದಲ್ಲಿ ಡ್ರಿಲ್ ಓರೆಯಾದರೆ ಏನಾಗುತ್ತದೆ ಎಂಬುದಕ್ಕೆ ತ್ರಿಕೋನಮಿತಿ ಬಳಸಿದೆವು. 1° ಓರೆಯಾದರೆ ತಳದಲ್ಲಿ 75 × tan 1°, ಅಂದರೆ ಸುಮಾರು 1.3 ಮಿ.ಮೀ. ಸರಿಯುತ್ತದೆ, ಇದನ್ನು ಉಳಿಯಿಂದ ಸರಿಪಡಿಸಬಹುದು. 7° ಓರೆಯಾದರೆ ಸುಮಾರು 9.2 ಮಿ.ಮೀ.; ಗೋಡೆ ಇರುವುದೇ 9.5. ಬಿಟ್ ಕದದ ಮುಖ ಸೀಳಿಕೊಂಡು ಹೊರಬರುವ ಹಂತ ಅದು. ಬಡಿಗರು ಡ್ರಿಲ್ಲಿನ ಪಕ್ಕ ಗುಣಿಯಾ ನಿಲ್ಲಿಸಿ, ಒಬ್ಬ ವಿದ್ಯಾರ್ಥಿಗೆ ಬಿಟ್ ಅದಕ್ಕೆ ಸಮಾನಾಂತರವಾಗಿದೆಯೇ ಎಂದು ನೋಡುತ್ತಿರಲು ಹೇಳಿದ್ದು ಇದಕ್ಕಾಗಿ.

ಆಮೇಲೆ ಉಳಿಯ ಕೆಲಸ. ಗೂಡಿನ ಎರಡು ತುದಿಗಳಲ್ಲಿ ಎಳೆಗೆ ಅಡ್ಡವಾಗಿ ಮೊದಲು ಕಡಿತ ಹಾಕಬೇಕು. ಉದ್ದನೆಯ ಬದಿಗಳನ್ನು ಆಮೇಲೆ ಸವರಬೇಕು. ಮೊದಲೇ ಎಳೆಯ ಗುಂಟ ಹೊಡೆದರೆ ಸೀಳು ಗುರುತು ದಾಟಿ ಓಡುತ್ತದೆ. ಅಡ್ಡ ಕಡಿತ ಆ ಸೀಳಿಗೆ ಹಾಕಿದ ತಡೆ. ಉಳಿಯ ಚಪ್ಪಟೆ ಬೆನ್ನು ಉಳಿಯಬೇಕಾದ ಮರದ ಕಡೆ, ಓರೆ ಮುಖ ತೆಗೆಯುವ ಮರದ ಕಡೆ ಇರಬೇಕು. ಗೆರೆಯ ಮೇಲೆಯೇ ಮೊದಲ ಏಟು ಹಾಕದೆ, ಒಂದು ಮಿ.ಮೀ. ಒಳಗೆ ಹೊಡೆದು, ಕೊನೆಗೆ ಗೆರೆಗೆ ಸವರಿದರು.

ಲಾಕ್ ಗೂಡಿಗೆ ಇಳಿದ ಮೇಲೆಯೇ ಮುಂಪಟ್ಟಿಯ ಸುತ್ತ ಚಾಕುವಿನಿಂದ ಗೆರೆ ಎಳೆದು, ಆ ಜಾಗವನ್ನು 3 ಮಿ.ಮೀ. ತಗ್ಗಿಸಿದರು. ಕದಕ್ಕೂ ಚೌಕಟ್ಟಿಗೂ ನಡುವಿನ ಸಂದು 3 ಮಿ.ಮೀ. ಮಾತ್ರ, ಪಟ್ಟಿ ಮೇಲೆದ್ದರೆ ಕದ ಉಜ್ಜುತ್ತದೆ. ಹಿಡಿಕೆ ಮತ್ತು ಕೀಲಿಯ ತೂತುಗಳಿಗೆ ಲಾಕನ್ನೇ ಕದದ ಮುಖಕ್ಕೆ ಹಿಡಿದು, ಮುಂಪಟ್ಟಿಯ ಹೊರಮೈ ಕದದ ಅಂಚಿಗೆ ಸಮನಾಗಿಸಿ, ಗುರುತು ಚುಚ್ಚಿಕೊಂಡರು. ಲಾಕನ್ನು ಪಕ್ಕಕ್ಕಿಟ್ಟು ಎರಡೂ ಮುಖಗಳಿಂದ ಅರ್ಧರ್ಧ ಕೊರೆದದ್ದರಿಂದ ಮರ ಸಿಬಿರೇಳಲಿಲ್ಲ.

ಮೂರನೆಯ ಅವಧಿ: ಸ್ಟ್ರೈಕ್ ಪ್ಲೇಟ್

ಕದವನ್ನು ಮತ್ತೆ ತೂಗುಹಾಕಿದ ಮೇಲೆ ಚೌಕಟ್ಟಿನ ಮೇಲೆ ಪ್ಲೇಟ್ ಎಲ್ಲಿ ಬರಬೇಕು ಎಂಬ ಪ್ರಶ್ನೆ. ಹೆಚ್ಚಿನ ಮಕ್ಕಳು ನೆಲದಿಂದ 1050 ಅಳೆಯಬೇಕೆಂದರು. ಆದರೆ ಕದದ ಕೆಳಗೆ ಸಂದು ಇದೆ, ನೆಲ ಎಲ್ಲೆಡೆ ಮಟ್ಟವಾಗಿಲ್ಲ, ತಿಜಾಗರಿಯಲ್ಲಿ ಕದ ತುಸು ಇಳಿದಿರಬಹುದು. ಬಡಿಗರು, “ಅಳೀಬ್ಯಾಡ್ರಿ ತಮ್ಮಾ, ನಾಲಿಗಿನ್ನೇ ಕೇಳ್ರಿ” ಎಂದು ಕೀಲಿ ತಿರುಗಿಸಿ ಬೀಗದ ನಾಲಿಗೆ ಹೊರಗೆ ಬಿಟ್ಟರು. ಕದವನ್ನು ಮೆಲ್ಲಗೆ ಮುಚ್ಚಿದಾಗ ನಾಲಿಗೆ ಚೌಕಟ್ಟಿಗೆ ತಾಗಿ ನಿಂತಿತು. ಅದರ ಮೇಲಂಚು, ಕೆಳಅಂಚುಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಗುಣಿಯಾದಿಂದ ಗೆರೆಗಳನ್ನು ರಿಬೇಟಿನ ಒಳಗೆ ಒಯ್ದರು. ಎತ್ತರ ಹೀಗೆ ಅಳತೆಯಿಲ್ಲದೆ ಸಿಕ್ಕಿತು.

ಒಳ-ಹೊರ ಸ್ಥಾನಕ್ಕೆ ಮತ್ತೆ ಆಧಾರ ಮುಖಕ್ಕೇ ಬಂದೆವು. ಸ್ಪ್ರಿಂಗ್ ನಾಲಿಗೆಯ ಓರೆ ಮುಖ ರಿಬೇಟಿನ ಕಡೆ, ಚಪ್ಪಟೆ ಮುಖ ಕದ ತೆರೆಯುವ ಕಡೆ ಇರುತ್ತದೆ. ಕದವನ್ನು ಹಿಡಿದಿಡುವುದು ಈ ಚಪ್ಪಟೆ ಮುಖ. ಗೂಡಿನ ಮಧ್ಯರೇಖೆ ಆಧಾರ ಮುಖದಿಂದ 17.5, ನಾಲಿಗೆಯ ದಪ್ಪ 12; ಆದ್ದರಿಂದ ಚಪ್ಪಟೆ ಮುಖ 23.5ರಲ್ಲಿದೆ. ಮುಚ್ಚಿದ ಕದದ ಆಧಾರ ಮುಖ ರಿಬೇಟಿಗೆ ತಾಗಿರುತ್ತದೆಯಾದ್ದರಿಂದ, ರಿಬೇಟಿನಿಂದ 23.5 ಅಳೆದು ಅರ್ಧ ಮಿ.ಮೀ. ಸಡಿಲು ಸೇರಿಸಿ, ಪ್ಲೇಟಿನ ಕಂಡಿಯ ಹೊರಅಂಚನ್ನು 24ಕ್ಕೆ ಇಟ್ಟೆವು. ಅದು 23ಕ್ಕೆ ಬಂದಿದ್ದರೆ ನಾಲಿಗೆ ಕಂಡಿಗೆ ಬೀಳುತ್ತಿರಲಿಲ್ಲ. 27ಕ್ಕೆ ಬಂದಿದ್ದರೆ ಬೀಳುತ್ತಿತ್ತು, ಆದರೆ ಗಾಳಿಗೆ ಕದ ಗಡಗಡ ಎನ್ನುತ್ತಿತ್ತು.

ಬೀಗದ ನಾಲಿಗೆ 20 ಮಿ.ಮೀ. ಹೊರಬರುತ್ತದೆ, ಸಂದಿನ 3 ಕಳೆದರೆ 17 ಚೌಕಟ್ಟಿನೊಳಗೆ ಹೋಗುತ್ತದೆ. ಅಲ್ಲಿ 20 ಆಳ ತೋಡಲಾಯಿತು. ಆಳ ಸಾಲದಿದ್ದರೆ ಕೀಲಿ ಪೂರ್ತಿ ತಿರುಗುವುದಿಲ್ಲ. ಜನ ಲಾಕೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಪ್ಲೇಟಿಗೆ ಮೊದಲು ಒಂದೇ ತಿರುಪು ಹಾಕಿ, ಕದ ನಾಲ್ಕಾರು ಸಲ ಮುಚ್ಚಿ ನೋಡಿದ ಮೇಲೆ ಉಳಿದವನ್ನು ಬಿಗಿದರು.

ಮುಂದೆ ಕದ ಸರಿಯಾಗಿ ಹಾಕಿಕೊಳ್ಳದಿದ್ದರೆ ಕಾರಣವನ್ನು ಪ್ಲೇಟೇ ಹೇಳುತ್ತದೆ. ನಾಲಿಗೆ ಉಜ್ಜಿದ ಹೊಳಪು ಕಂಡಿಯ ಕೆಳಅಂಚಿನಲ್ಲಿದ್ದರೆ ಕದ ಇಳಿದಿದೆ. ಪ್ಲೇಟಿಗೆ ಅರ ಹಚ್ಚುವ ಮೊದಲು ಮೇಲಿನ ತಿಜಾಗರಿಯ ತಿರುಪು ನೋಡಬೇಕು. ಹೊಳಪು ಕಂಡಿಯ ಹೊರಅಂಚಿನಾಚೆ ಇದ್ದರೆ ಕದ ರಿಬೇಟಿಗೆ ಪೂರ್ತಿ ತಾಗುತ್ತಿಲ್ಲ. ಬಣ್ಣದ ಪದರ ದಪ್ಪವಾಗಿರಬಹುದು, ಇಲ್ಲವೇ ಮಳೆಗಾಲದಲ್ಲಿ ಮರ ಉಬ್ಬಿ ಸೊಟ್ಟಗಾಗಿರಬಹುದು.

ಮೌಲ್ಯಮಾಪನ

ಕೊನೆಗೆ ಒಂದು ಲೆಕ್ಕ ಕೊಟ್ಟೆ: ಕದ 32, ಲಾಕಿನ ಒಡಲು 14, ಗೂಡು 15, ನಾಲಿಗೆ 10 ಮಿ.ಮೀ. ದಪ್ಪವಿದ್ದರೆ ಆಧಾರ ಮುಖದಿಂದ ಗುರುತುಗಳು ಎಲ್ಲಿ? ಉತ್ತರ: ಗೂಡಿಗೆ 8.5 ಮತ್ತು 23.5, ಪ್ಲೇಟಿನ ಕಂಡಿಯ ಹೊರಅಂಚಿಗೆ 21.5. ಸಂಖ್ಯೆಯ ಜೊತೆಗೆ ‘ಯಾವ ಮುಖದಿಂದ’ ಎಂದು ಬರೆದವರಿಗೆ ಮಾತ್ರ ಪೂರ್ಣ ಅಂಕ ಎಂದು ಮೊದಲೇ ತಿಳಿಸಿದ್ದೆ.

ಈ ಪಾಠ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ಅಳತೆಗಳು ಲಾಕಿನಿಂದ ಲಾಕಿಗೆ ಬೇರೆ. ಇಲ್ಲಿನ ಸಂಖ್ಯೆಗಳನ್ನು ನಕಲು ಮಾಡದೆ ಕೈಯಲ್ಲಿರುವ ಲಾಕನ್ನು ಅಳೆಯಿರಿ. ಒಂದು ತುದಿ ಸಣ್ಣದಾದ ಆ ಮರದ ತುಂಡನ್ನು ಮಾತ್ರ ಬಿಡಬೇಡಿ. ಎಲ್ಲೆಡೆ ಒಂದೇ ದಪ್ಪವಿರುವ ತುಂಡು ಕೊಟ್ಟರೆ ಎರಡೂ ಗುಂಪಿಗೆ 16 ಬರುತ್ತದೆ, ಆಧಾರ ಮುಖ ಯಾಕೆ ಬೇಕು ಎಂಬುದು ಯಾರಿಗೂ ಕಾಣುವುದಿಲ್ಲ.