ರಥಸಪ್ತಮಿ, ವಸಂತಪಂಚಮಿ, ಅಕ್ಷಯತೃತೀಯೆ: ತಿಥಿನಿರ್ಣಯ ಮತ್ತು ಶುಭತ್ವ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ, ಒಕ್ಕಲಿಗ ಮೊದಲಾದ ಸಮುದಾಯಗಳು ಎರಡು ಕಾಲಗಣನೆಗಳ ನಡುವೆ ಬಾಳುತ್ತ ಬಂದಿವೆ. ಗೋಡೆಯ ಮೇಲಿನ ತಮಿಳು ಕ್ಯಾಲೆಂಡರ್ ತೈ, ಮಾಸಿ, ಚಿತ್ತಿರೈ ಎಂಬ ಸೌರಮಾಸಗಳನ್ನು ಎಣಿಸುತ್ತದೆ. ಕರ್ನಾಟಕದಲ್ಲಿ ರೂಢಿಯಲ್ಲಿರುವ ಪಂಚಾಂಗವು ಮಾಘ, ಫಾಲ್ಗುಣ, ವೈಶಾಖ ಎಂಬ ಚಾಂದ್ರಮಾಸಗಳನ್ನು ಎಣಿಸುತ್ತದೆ. ಈ ಎರಡು ಎಣಿಕೆಗಳು ಒಂದೇ ಹಾದಿಯಲ್ಲಿ ನಡೆಯುವುದಿಲ್ಲವೆಂಬುದಕ್ಕೆ ಇತ್ತೀಚಿನ ಎರಡು ವರ್ಷಗಳೇ ನಿದರ್ಶನ. 2024ರಲ್ಲಿ ಮರುದಮಲೆ ಮತ್ತು ಶಿವನ್‌ಮಲೆಗಳ ತೈಪ್ಪೂಸವು ಜನವರಿ 25ರಂದು ಬಂದಿತು. ರಥಸಪ್ತಮಿಯು ಅದಕ್ಕೆ 22 ದಿನಗಳ ನಂತರ, ಫೆಬ್ರವರಿ 16ರಂದು ಬಂದಿತು. 2025ರಲ್ಲಿ ಕ್ರಮವೇ ತಿರುಗುಮುರುಗಾಯಿತು. ರಥಸಪ್ತಮಿ ಫೆಬ್ರವರಿ 4ರಂದು ಮೊದಲು ಬಂದಿತು, ತೈಪ್ಪೂಸ ಫೆಬ್ರವರಿ 11ರಂದು ಅನಂತರ ಬಂದಿತು. ಒಂದೇ ಊರಿನ ಎರಡು ಹಬ್ಬಗಳು ಹೀಗೆ ಹಿಂದುಮುಂದಾಗಲು ಕಾರಣವೇನೆಂಬುದನ್ನು ಅರಿತರೆ, ತಿಥಿಯಿಂದ ನಿರ್ಣಯವಾಗುವ ಹಬ್ಬಗಳ ಸ್ವರೂಪವೂ ತಿಳಿಯುತ್ತದೆ.

ತಿಥಿಯೆಂದರೇನು?

ಅಮಾವಾಸ್ಯೆಯ ಅಂತ್ಯದಲ್ಲಿ ಸೂರ್ಯಚಂದ್ರರು ಆಕಾಶದ ಒಂದೇ ರೇಖಾಂಶದಲ್ಲಿರುತ್ತಾರೆ. ಅಲ್ಲಿಂದ ಚಂದ್ರನು ವೇಗವಾಗಿ ಮುಂದೆ ಸಾಗುತ್ತಾನೆ. ಅವನು ಸೂರ್ಯನಿಂದ 12 ಅಂಶಗಳಷ್ಟು ಮುಂದಾಗುವ ಕಾಲವೇ ಒಂದು ತಿಥಿ. ಮೊದಲ 12 ಅಂಶಗಳು ಪಾಡ್ಯ, 24ರವರೆಗೆ ಬಿದಿಗೆ, 24ರಿಂದ 36ರವರೆಗೆ ತದಿಗೆ. ಇದೇ ಲೆಕ್ಕದಲ್ಲಿ 48ರಿಂದ 60ರವರೆಗೆ ಪಂಚಮಿ, 72ರಿಂದ 84ರವರೆಗೆ ಸಪ್ತಮಿ. ಸಂಸ್ಕೃತದ ದ್ವಿತೀಯಾ, ತೃತೀಯಾ, ಚತುರ್ಥೀ ಎಂಬ ಪದಗಳೇ ಕನ್ನಡದಲ್ಲಿ ಬಿದಿಗೆ, ತದಿಗೆ, ಚೌತಿ ಎಂಬ ತದ್ಭವಗಳಾಗಿವೆ.

ಚಂದ್ರನ ವೇಗ ಎಲ್ಲ ದಿನವೂ ಸಮನಾಗಿಲ್ಲ. ಆದುದರಿಂದ ತಿಥಿಯ ಉದ್ದವೂ ಸುಮಾರು 20 ಗಂಟೆಗಳಿಂದ 26 ಗಂಟೆಗಳ ಮಿಕ್ಕ ಅವಧಿಯವರೆಗೆ ಬದಲಾಗುತ್ತದೆ. ತಿಥಿಯು ಬೆಳಗಿನಲ್ಲಾಗಲಿ ನಡುರಾತ್ರಿಯಲ್ಲಾಗಲಿ ಆರಂಭವಾಗಬಹುದು. ದಿನವಾದರೋ ಸೂರ್ಯೋದಯದಿಂದ ಸೂರ್ಯೋದಯಕ್ಕೆ ನಡೆಯುತ್ತದೆ. ಒಂದು ಸೂರ್ಯೋದಯವನ್ನೂ ಮುಟ್ಟದೆ ಮುಗಿದುಹೋಗುವ ತಿಥಿಯು ಕ್ಷಯತಿಥಿ ಎನಿಸುತ್ತದೆ.

ಮಾಸದ ನೆಲೆ

ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗಿನ ಚಾಂದ್ರಮಾಸಕ್ಕೆ ಹೆಸರು ಬರುವುದು ಸೂರ್ಯನ ಸಂಕ್ರಮಣದಿಂದ. ಯಾವ ಮಾಸದೊಳಗೆ ಸೂರ್ಯನು ಕುಂಭರಾಶಿಯನ್ನು ಪ್ರವೇಶಿಸುವನೋ ಅದು ಮಾಘ. ಯಾವ ಮಾಸದೊಳಗೆ ವೃಷಭವನ್ನು ಪ್ರವೇಶಿಸುವನೋ ಅದು ವೈಶಾಖ. ಮಾಘ ಶುದ್ಧ ಪಂಚಮಿ ವಸಂತಪಂಚಮಿ, ಮಾಘ ಶುದ್ಧ ಸಪ್ತಮಿ ರಥಸಪ್ತಮಿ, ವೈಶಾಖ ಶುದ್ಧ ತದಿಗೆ ಅಕ್ಷಯತೃತೀಯೆ. ತಮಿಳು ಸೌರಮಾಸವು ಚಂದ್ರನನ್ನು ನೋಡುವುದೇ ಇಲ್ಲ. ಸೂರ್ಯನು ಮಕರದಲ್ಲಿರುವಷ್ಟು ಕಾಲ ತೈ, ಕುಂಭದಲ್ಲಿರುವಷ್ಟು ಕಾಲ ಮಾಸಿ. ತೈಪ್ಪೂಸವನ್ನು ನಿರ್ಣಯಿಸುವುದು ತೈ ಮಾಸದಲ್ಲಿ ಬರುವ ಪುಷ್ಯ ನಕ್ಷತ್ರ. ಅದು ಹುಣ್ಣಿಮೆಯ ಆಸುಪಾಸಿನಲ್ಲಿರುತ್ತದೆ.

ಮೇಲೆ ಹೇಳಿದ ಹಿಂದುಮುಂದು ಇದರಿಂದ ಸ್ಪಷ್ಟವಾಗುತ್ತದೆ. 2024ರಲ್ಲಿ ತೈ ಮಾಸವು ಜನವರಿ 15ರಂದು ಆರಂಭವಾಯಿತು. ಅದರೊಳಗೆ ಬಂದ ಹುಣ್ಣಿಮೆ ಪುಷ್ಯಮಾಸದ್ದು. ಮಾಘವು ಫೆಬ್ರವರಿ 9ರ ಅಮಾವಾಸ್ಯೆ ಕಳೆದ ಮೇಲಷ್ಟೇ ಹುಟ್ಟಿತು. ಫೆಬ್ರವರಿ 16ರ ರಥಸಪ್ತಮಿಯ ಹೊತ್ತಿಗೆ ತಮಿಳು ಎಣಿಕೆಯಲ್ಲಿ ಮಾಸಿ 4 ಆಗಿತ್ತು. 2025ರಲ್ಲಿ ಅಮಾವಾಸ್ಯೆ ಜನವರಿ 29ಕ್ಕೇ ಬಂದಿತು. ಆದುದರಿಂದ ಮಾಘದ ಸಪ್ತಮಿಯು ತೈ 22ರಂದು ಬಿದ್ದಿತು. ತೈಪ್ಪೂಸಕ್ಕೆ ಒದಗಿದ ಹುಣ್ಣಿಮೆಯು ಅದೇ ಮಾಘದ್ದಾಯಿತು.

ಹನ್ನೆರಡು ಚಾಂದ್ರಮಾಸಗಳು ಸುಮಾರು 354 ದಿನಗಳಲ್ಲಿ ಮುಗಿಯುವುದರಿಂದ ತಿಥಿಯ ಹಬ್ಬವು ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ವಸಂತಪಂಚಮಿಯು 2024ರಲ್ಲಿ ಫೆಬ್ರವರಿ 14, 2025ರಲ್ಲಿ ಫೆಬ್ರವರಿ 2, 2026ರಲ್ಲಿ ಜನವರಿ 23. ಹೀಗೆಯೇ ಸರಿಯುತ್ತ ಹೋದರೆ ವಸಂತದ ಹೆಸರಿನ ಹಬ್ಬವು ಮಳೆಗಾಲಕ್ಕೂ ಬರಬೇಕಾದೀತು. ಅದನ್ನು ತಡೆಯುವುದು ಅಧಿಕಮಾಸ. ಸಂಕ್ರಮಣವೇ ಇಲ್ಲದ ಚಾಂದ್ರಮಾಸವು ಅಧಿಕವೆನಿಸಿ, ಮುಂದಿನ ಮಾಸದ ಹೆಸರನ್ನೇ ಹೊರುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ 2027ರ ವಸಂತಪಂಚಮಿಯು ಮತ್ತೆ ಫೆಬ್ರವರಿ 11ಕ್ಕೆ ಮುಂದೂಡಲ್ಪಡುತ್ತದೆ.

ಎರಡು ದಿನ ಹಂಚಿಹೋದ ತಿಥಿ

ತಿಥಿ ಎರಡು ದಿನಗಳಿಗೆ ಹಂಚಿಹೋದಾಗ ಹಬ್ಬ ಯಾವ ದಿನ? ಸಾಮಾನ್ಯವಾಗಿ ಸೂರ್ಯೋದಯದ ತಿಥಿಯನ್ನೇ ಹಿಡಿಯಬೇಕೆಂಬ ಭಾವನೆಯುಂಟು. ಧರ್ಮಶಾಸ್ತ್ರದ ನಿಯಮ ಅದಕ್ಕಿಂತ ಸೂಕ್ಷ್ಮವಾದುದು: ಆಯಾ ಕರ್ಮಕ್ಕೆ ವಿಹಿತವಾದ ಕಾಲದಲ್ಲಿ ತಿಥಿ ಇರಬೇಕು. ಸರಸ್ವತೀಪೂಜೆಗೆ ಮತ್ತು ಅಕ್ಷಯತೃತೀಯೆಗೆ ಪೂರ್ವಾಹ್ನ, ಅಂದರೆ ನಡುಹಗಲಿಗೆ ಮುಂಚಿನ ಹೊತ್ತು. ರಥಸಪ್ತಮಿಯ ಸ್ನಾನಕ್ಕೆ ಅರುಣೋದಯ, ಅಂದರೆ ಸೂರ್ಯೋದಯಕ್ಕೆ ಹಿಂದಿನ ನಾಲ್ಕು ಘಳಿಗೆ. ಇಂದಿನ ಲೆಕ್ಕದಲ್ಲಿ 96 ನಿಮಿಷ.

2025ರ ಮಾಘವನ್ನು ಕೊಯಮತ್ತೂರಿನ ನೆಲೆಯಿಂದ ಪರಿಶೀಲಿಸಬಹುದು. ದೃಗ್ಗಣಿತದ ಪ್ರಕಾರ ಪಂಚಮಿಯು ಫೆಬ್ರವರಿ 2ರ ಬೆಳಿಗ್ಗೆ 9.14ಕ್ಕೆ ಆರಂಭವಾಗಿ 3ರ ಬೆಳಿಗ್ಗೆ 6.52ಕ್ಕೆ ಮುಗಿಯಿತು. ಆ ದಿನಗಳಲ್ಲಿ ಕೊಯಮತ್ತೂರಿನ ಸೂರ್ಯೋದಯ ಸುಮಾರು 6.46. ಹಾಗಾಗಿ 3ರಂದು ಸೂರ್ಯೋದಯಕ್ಕೆ ಪಂಚಮಿ ಇದ್ದರೂ ಅದು ಕೆಲವೇ ನಿಮಿಷಗಳ ಪಂಚಮಿ. 2ರಂದು ಸೂರ್ಯೋದಯಕ್ಕೆ ಚೌತಿಯಿದ್ದರೂ ಪೂರ್ವಾಹ್ನದಲ್ಲಿ ಮೂರು ಗಂಟೆಗೂ ಮಿಕ್ಕ ಪಂಚಮಿ ಲಭಿಸಿತು. ಪೂಜೆಗೆ 2ನೆಯ ತಾರೀಕೇ ತಕ್ಕುದೆಂದು ನಿರ್ಣಯವಾದುದು ಈ ಕಾರಣದಿಂದ. ಅದೇ ವರ್ಷ ಪ್ರಯಾಗದ ಮಹಾಕುಂಭಮೇಳದಲ್ಲಿ ವಸಂತಪಂಚಮಿಯ ಸ್ನಾನ 3ರಂದು ನಡೆಯಿತು. ಸ್ನಾನದ ಕಾಲ ಮುಂಜಾವು. ಮುಂಜಾವಿನಲ್ಲಿ ಪಂಚಮಿ ಇದ್ದುದು 3ರಂದೇ. ಎರಡು ದಿನಾಂಕಗಳಲ್ಲಿ ಒಂದು ತಪ್ಪು, ಇನ್ನೊಂದು ಸರಿ ಎನ್ನುವಂತಿಲ್ಲ. ಕರ್ಮ ಬೇರೆಯಾದುದರಿಂದ ದಿನವೂ ಬೇರೆಯಾಯಿತು.

ಊರು ಬದಲಾದರೂ ಲೆಕ್ಕ ಬದಲಾಗುತ್ತದೆ. ತಿಥಿಯು ಮುಗಿಯುವ ಕ್ಷಣ ದೇಶಕ್ಕೆಲ್ಲ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ದೆಹಲಿಯಲ್ಲಿ ಅಂದು ಸೂರ್ಯನು ಏಳು ಗಂಟೆಯ ಮೇಲೆ ಹುಟ್ಟಿದನು; ಅಷ್ಟರಲ್ಲಿ ಪಂಚಮಿ ಮುಗಿದಿತ್ತು. ಆದುದರಿಂದ ದೆಹಲಿಯಲ್ಲಿ ಕ್ಷಯವಾದುದು ಪಂಚಮಿ. ಕೊಯಮತ್ತೂರಿನಲ್ಲಿ ಕ್ಷಯವಾದುದು ಷಷ್ಠಿ, ಏಕೆಂದರೆ ಅದು 3ರ ಸೂರ್ಯೋದಯದ ನಂತರ ಆರಂಭವಾಗಿ 4ರ ನಸುಕಿನ 4.37ಕ್ಕೆ ಮುಗಿಯಿತು. ಅಲ್ಲಿಂದ ಸಪ್ತಮಿ. 4ರ ಅರುಣೋದಯ ಕೊಯಮತ್ತೂರಿನಲ್ಲಿ ಸುಮಾರು 5.10ಕ್ಕೆ ಆರಂಭವಾದುದರಿಂದ ರಥಸಪ್ತಮಿಯ ಸ್ನಾನಕ್ಕೆ ಸಂಶಯವೇ ಉಳಿಯಲಿಲ್ಲ. ದೂರದ ಊರಿನಲ್ಲಿ ಅಚ್ಚಾದ ಪಂಚಾಂಗವನ್ನು ಹಾಗೆಯೇ ಅನುಸರಿಸುವವರು ಎಡವುವುದು ಇಂತಹ ಅಂಚಿನ ತಿಥಿಗಳಲ್ಲಿ. ತಮಿಳುನಾಡಿನಲ್ಲಿ ಇನ್ನೊಂದು ತೊಡಕೂ ಉಂಟು. ಇಲ್ಲಿ ವಾಕ್ಯಪಂಚಾಂಗ, ತಿರುಕ್ಕಣಿತ ಪಂಚಾಂಗ ಎಂಬ ಎರಡು ಗಣಿತಪದ್ಧತಿಗಳಿದ್ದು, ಇವುಗಳ ತಿಥ್ಯಂತ್ಯಗಳು ಹಲವು ಘಳಿಗೆಗಳಷ್ಟು ಭಿನ್ನವಾಗಬಲ್ಲವು. ಒಂದರ ತಿಥಿಯನ್ನೂ ಮತ್ತೊಂದರ ನಕ್ಷತ್ರವನ್ನೂ ಬೆರೆಸಿ ನೋಡಬಾರದು.

ಶುಭವೆನ್ನಲು ಕಾರಣ

ಮೂರೂ ಶುಕ್ಲಪಕ್ಷದ ತಿಥಿಗಳು. ಚೌತಿ, ನವಮಿ, ಚತುರ್ದಶಿಗಳು ರಿಕ್ತಾ ಎಂದು ಶುಭಕಾರ್ಯಕ್ಕೆ ವರ್ಜ್ಯ; ಈ ಮೂರರಲ್ಲಿ ಯಾವುದೂ ಆ ಗುಂಪಿಗೆ ಸೇರಿಲ್ಲ. ಆದರೆ ಇಷ್ಟು ಮಾತ್ರ ಇತರ ಎಷ್ಟೋ ತಿಥಿಗಳಿಗೂ ಸಲ್ಲುತ್ತದೆ. ಈ ಮೂರಕ್ಕೆ ವಿಶೇಷತೆ ತಂದುದು ಇವು ಯಾವುದೋ ಒಂದರ ಆರಂಭವೆಂಬ ಭಾವನೆ.

ಸಪ್ತಮಿಯ ಅಧಿದೇವತೆ ಸೂರ್ಯ. ಮಾಘ ಶುದ್ಧ ಸಪ್ತಮಿಯು ಸೂರ್ಯನ ಜಯಂತಿಯೆಂದೂ ಒಂದು ಮನ್ವಂತರದ ಆದಿಯೆಂದೂ ಪುರಾಣಗಳ ಮತ. ಮಕರಸಂಕ್ರಮಣದಿಂದ ಉತ್ತರಕ್ಕೆ ತಿರುಗಿದ ರಥವು ಈ ದಿನ ನೆಲೆಯಾಗಿ ಆ ದಿಕ್ಕಿಗೆ ಸಾಗುವುದೆಂಬುದು ಜನರ ನಂಬಿಕೆ. ಸೂರ್ಯನ ಹಬ್ಬವನ್ನು ಚಂದ್ರನ ತಿಥಿ ನಿರ್ಣಯಿಸುವುದು ಗಮನಾರ್ಹ: ಸಂಕ್ರಾಂತಿಯನ್ನು ಸೌರಗಣನೆ ಗುರುತಿಸಿದರೆ, ಅದರ ಫಲವನ್ನು ತಿಥಿಯು ಆಚರಣೆಗೆ ತರುತ್ತದೆ. ತಲೆಯ ಮೇಲೊಂದು, ಹೆಗಲು, ಮೊಣಕಾಲು, ಪಾದಗಳ ಮೇಲೆ ಎರಡೆರಡು ಎಂದು ಏಳು ಎಕ್ಕದೆಲೆಗಳನ್ನಿಟ್ಟು ಮೀಯುವ ವಾಡಿಕೆ ಕನ್ನಡ ಮನೆಗಳಲ್ಲೂ ತಮಿಳು ಮನೆಗಳಲ್ಲೂ ಇದೆ. ತಮಿಳಿನ ‘ಎರುಕ್ಕು’ ಮತ್ತು ಕನ್ನಡದ ‘ಎಕ್ಕ’ ಒಂದೇ ಮೂಲದ ಪದಗಳು; ಸಂಸ್ಕೃತದಲ್ಲಿ ಆ ಗಿಡದ ಹೆಸರಾದ ‘ಅರ್ಕ’ ಸೂರ್ಯನ ಹೆಸರೂ ಹೌದು.

ವಸಂತಪಂಚಮಿ ಬರುವುದು ವಸಂತಋತುವಿನಲ್ಲಲ್ಲ, ಶಿಶಿರದಲ್ಲಿ. ಚೈತ್ರ ವೈಶಾಖಗಳ ವಸಂತಕ್ಕೆ ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಕಾಲವಿರುತ್ತದೆ. ಇದು ಋತುವಿನ ಮುನ್ಸೂಚನೆಯ ದಿನ. ಶ್ರೀಪಂಚಮಿಯೆಂದು ವಿದ್ಯಾರಂಭಕ್ಕೆ ಸಲ್ಲುವ ದಿನ. ದಕ್ಷಿಣದಲ್ಲಿ ಸರಸ್ವತೀಪೂಜೆ, ಅಕ್ಷರಾಭ್ಯಾಸಗಳು ಮುಖ್ಯವಾಗಿ ನವರಾತ್ರಿ, ವಿಜಯದಶಮಿಗಳಿಗೆ ಸೇರಿರುವುದರಿಂದ ಈ ಪಂಚಮಿಯ ಆಚರಣೆ ಉತ್ತರದಷ್ಟು ವ್ಯಾಪಕವಾಗಿಲ್ಲ. ತಿಥಿ ಎಲ್ಲೆಡೆ ಒಂದೇ ಆದರೂ ಅದಕ್ಕೆ ಸಲ್ಲುವ ಮನ್ನಣೆ ಪ್ರದೇಶದಿಂದ ಪ್ರದೇಶಕ್ಕೆ ಬೇರೆ.

ಅಕ್ಷಯತೃತೀಯೆಯು ಯುಗಾದಿ ತಿಥಿಗಳಲ್ಲೊಂದು. ಇದರ ಶುಭತ್ವಕ್ಕೆ ಆಕಾಶದಲ್ಲಿಯೂ ಆಧಾರವುಂಟು. ಜ್ಯೋತಿಷದಲ್ಲಿ ಸೂರ್ಯನ ಉಚ್ಚ ಮೇಷದ 10ನೆಯ ಅಂಶ, ಚಂದ್ರನ ಉಚ್ಚ ವೃಷಭದ 3ನೆಯ ಅಂಶ. ಇವುಗಳ ನಡುವಣ ಅಂತರ 23 ಅಂಶ. ತದಿಗೆಯು ಆರಂಭವಾಗುವುದು 24ಕ್ಕೆ. ಸೂರ್ಯನು ಮೇಷದಲ್ಲಿರುವಾಗ ಬರುವ ಶುದ್ಧ ತದಿಗೆಯಂದು ಚಂದ್ರನು ಬಹುತೇಕ ವೃಷಭದಲ್ಲಿಯೇ ಇರಬೇಕಾಗುತ್ತದೆ. 2025ರ ಏಪ್ರಿಲ್ 30ರ ಸೂರ್ಯೋದಯಕ್ಕೆ ಸೂರ್ಯನು ಮೇಷದ ನಡುವೆ, ಚಂದ್ರನು ವೃಷಭದ ನಡುವೆ ರೋಹಿಣಿಯಲ್ಲಿದ್ದನು. ಅಂದು ಬುಧವಾರವೂ ಆಗಿದ್ದಿತು. ರೋಹಿಣಿ ಬುಧವಾರಗಳು ಕೂಡಿದ ತದಿಗೆಯನ್ನು ನಿರ್ಣಯಗ್ರಂಥಗಳು ಅತಿಶಯವೆಂದು ಗಣಿಸುತ್ತವೆ. ಬೇರೆ ಮುಹೂರ್ತವನ್ನು ಹುಡುಕಬೇಕಿಲ್ಲದ ಸ್ವಯಂಸಿದ್ಧ ದಿನವೆಂದು ಇದನ್ನು ಮೂರೂವರೆ ಮುಹೂರ್ತಗಳಲ್ಲಿ ಎಣಿಸುವುದುಂಟು. ಹಾಗಿದ್ದರೂ ವಿವಾಹಕ್ಕೆ ಲಗ್ನವನ್ನು ನೋಡುವ ಪದ್ಧತಿ ತಪ್ಪುವುದಿಲ್ಲ. ‘ಅಕ್ಷಯ’ವೆಂಬ ವಿಶೇಷಣವು ಮೂಲತಃ ಸಂದುದು ಅಂದು ಮಾಡಿದ ಸ್ನಾನ, ಜಪ, ದಾನಗಳ ಫಲಕ್ಕೆ. ಬಿರುಬೇಸಗೆಯಲ್ಲಿ ನೀರು ತುಂಬಿದ ಕೊಡವನ್ನು ದಾನ ಮಾಡಬೇಕೆಂಬ ವಿಧಿ ಇಂದಿನ ಚಿನ್ನದ ಖರೀದಿಗಿಂತ ಹಳೆಯದು.

ಶಾಸನಪಾಠವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಈ ಲೆಕ್ಕ ನೇರವಾಗಿ ಒದಗುತ್ತದೆ. ಕನ್ನಡ ಶಾಸನಗಳ ಕಾಲನಿರ್ದೇಶದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಜೊತೆಗೆ ವಾರವೂ ಬರುವುದು ಸಾಮಾನ್ಯ. ತಿಥಿ ಜಾರುತ್ತದೆ, ವಾರ ಜಾರುವುದಿಲ್ಲ. ಆದುದರಿಂದ ಇವೆರಡೂ ಗಣಿತದಲ್ಲಿ ಕೂಡಿಬಂದಾಗ ದಿನಾಂಕವನ್ನು ನಂಬಬಹುದು. ಒಂದು ದಿನದ ವ್ಯತ್ಯಾಸ ಕಂಡುಬಂದರೆ ಶಾಸನವನ್ನು ಕೂಟವೆಂದು ತಳ್ಳಿಹಾಕುವ ಮೊದಲು, ಆ ತಿಥಿಯು ಎಷ್ಟು ಹೊತ್ತಿಗೆ ಆರಂಭವಾಗಿ ಎಷ್ಟು ಹೊತ್ತಿಗೆ ಮುಗಿಯಿತೆಂಬುದನ್ನು ಪರಿಶೀಲಿಸಬೇಕು. ದಾನವು ಸೂರ್ಯೋದಯದ ತಿಥಿಯಲ್ಲಲ್ಲದೆ, ಹಗಲಿನ ನಡುವೆ ಆರಂಭವಾದ ತಿಥಿಯಲ್ಲಿ ನಡೆದಿರಬಹುದು.