ಕೊಲಾಬಾ ಮಳೆ ನೋಡಿ ಸಾಂತಾಕ್ರೂಜ್ ಮಳೆ ಹೇಳಬಹುದೇ?

ಮುಂಬಯಿಯ ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಎರಡು ಅಂಕಿ ಕೊಡುತ್ತವೆ. ಒಂದು ಹವಾಮಾನ ಇಲಾಖೆಯ ಕೊಲಾಬಾ ಕೇಂದ್ರದ್ದು, ಇನ್ನೊಂದು ಉಪನಗರದ ಸಾಂತಾಕ್ರೂಜ್ ಕೇಂದ್ರದ್ದು. ಎರಡರ ನಡುವೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು ಅಂತರವಿದೆ. ಒಂದು ಕಡೆಯ ಮಳೆ ಗೊತ್ತಿದ್ದರೆ ಇನ್ನೊಂದು ಕಡೆಯದನ್ನು ಅಂದಾಜು ಮಾಡಬಹುದೇ? ಮಾಡಿದರೆ ಅದನ್ನು ಎಷ್ಟು ನಂಬಬಹುದು? ಪತ್ರಿಕೆಯ ಅಂಕಣ, ಮೊಬೈಲ್ ಕ್ಯಾಮೆರಾ ಮತ್ತು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇದ್ದರೆ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಹಂತ 1: ಫೋಟೊ ತೆಗೆಯುವುದು

ಪತ್ರಿಕೆಯನ್ನು ಮೇಜಿನ ಮೇಲೆ ಮಡಿಕೆಯಿಲ್ಲದೆ ಹರಡಿ, ಫ್ಲ್ಯಾಶ್ ಬಳಸದೆ ನೇರ ಮೇಲಿನಿಂದ ಫೋಟೊ ತೆಗೆಯಿರಿ. ದಿನಾಂಕವೂ ಚಿತ್ರದೊಳಗೆ ಬರಲಿ. ಅಂಕಿ ಯಾವ ಅವಧಿಯದು ಎಂಬುದನ್ನೂ ಗಮನಿಸಿ. ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನ 24 ಗಂಟೆಗಳ ಮಳೆ ಬೇರೆ, ಬೆಳಿಗ್ಗೆ 8.30ರಿಂದ ಸಂಜೆ 5.30ರವರೆಗಿನದು ಬೇರೆ. ಒಂದು ಜೋಡಿಯ ಎರಡೂ ಅಂಕಿಗಳು ಒಂದೇ ಅವಧಿಯವಾಗಿರಬೇಕು. ಅಂಕಿಯ ಜಾಗದಲ್ಲಿ ಅಡ್ಡಗೆರೆ ಇದ್ದರೆ ಸೊನ್ನೆ ಬರೆಯಬೇಡಿ, ಆ ದಿನವನ್ನೇ ಬಿಟ್ಟುಬಿಡಿ. ಮಾಹಿತಿ ಸಿಗಲಿಲ್ಲ ಎಂಬುದೂ ಮಳೆ ಬರಲಿಲ್ಲ ಎಂಬುದೂ ಒಂದೇ ಅಲ್ಲ.

ಹಂತ 2: ಅಂಕಿಗಳನ್ನು ಹಾಳೆಗೆ ಇಳಿಸುವುದು

ಲೆಕ್ಕದ ಕ್ರಮ ತೋರಿಸಲು ನಾನೇ ಮಾಡಿಕೊಂಡ ಎಂಟು ದಿನಗಳ ಮಾದರಿ ಅಂಕಿಗಳು ಇಲ್ಲಿವೆ. ಇವು ಇಲಾಖೆಯ ದಾಖಲೆಯಲ್ಲ. ನಿಮ್ಮ ಫೋಟೊದ ಅಂಕಿಗಳನ್ನು ಇದೇ ರೀತಿ ಬರೆದುಕೊಳ್ಳಿ.

| ದಿನ | ಕೊಲಾಬಾ (ಮಿ.ಮೀ.) | ಸಾಂತಾಕ್ರೂಜ್ (ಮಿ.ಮೀ.) |
|---|---|---|
| 1 | 2.0 | 6.0 |
| 2 | 5.0 | 4.0 |
| 3 | 10.0 | 18.0 |
| 4 | 14.0 | 12.0 |
| 5 | 20.0 | 35.0 |
| 6 | 28.0 | 26.0 |
| 7 | 36.0 | 52.0 |
| 8 | 45.0 | 47.0 |

ಮೊದಲ ಸಾಲಿನಲ್ಲಿ ಶೀರ್ಷಿಕೆ, B ಕಾಲಂನಲ್ಲಿ ಕೊಲಾಬಾ, C ಕಾಲಂನಲ್ಲಿ ಸಾಂತಾಕ್ರೂಜ್ ಇರಲಿ. ಫೋಟೊದಿಂದ ಅಂಕಿ ಇಳಿಸುವಾಗ ಹೆಚ್ಚಾಗಿ ಕೈತಪ್ಪುವುದು ದಶಮಾಂಶ ಬಿಂದು. ಮಸುಕಾದ ಚಿತ್ರದಲ್ಲಿ 52.0 ಎಂಬುದು 520 ಆಗಿಬಿಡುತ್ತದೆ. 1 ಮತ್ತು 7, 3 ಮತ್ತು 8 ಅದಲುಬದಲಾಗುವುದೂ ಉಂಟು. ಹಾಳೆಗೆ ಇಳಿಸಿದ ಮೇಲೆ ಒಬ್ಬರು ಫೋಟೊ ನೋಡಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹಾಳೆಯ ಅಂಕಿಗೆ ತಾಳೆ ನೋಡಲಿ.

ಹಂತ 3: ಗೆರೆಗೆ ಮೊದಲು ಚುಕ್ಕೆಗಳು

ಎರಡೂ ಕಾಲಂಗಳನ್ನು ಆರಿಸಿ ಸ್ಕ್ಯಾಟರ್ ಚಾರ್ಟ್ ಹಾಕಿ. ಚುಕ್ಕೆಗಳು ಎಡ ಕೆಳಗಿನಿಂದ ಬಲ ಮೇಲಕ್ಕೆ ಸುಮಾರಾಗಿ ಒಂದು ಪಟ್ಟಿಯಂತೆ ಸಾಗಿದರೆ ಮಾತ್ರ ನೇರ ಗೆರೆಗೆ ಅರ್ಥವಿದೆ. ಒಂದೇ ಚುಕ್ಕೆ ದೂರದಲ್ಲಿ ಒಂಟಿಯಾಗಿ ನಿಂತಿದ್ದರೆ ಮರಳಿ ಫೋಟೊ ನೋಡಿ. ಬರೆಯುವಾಗ ತಪ್ಪಾಗಿದ್ದರೆ ತಿದ್ದಿ. ಅಂಕಿ ಸರಿಯಾಗಿಯೇ ಇದ್ದರೆ ಅಳಿಸಬೇಡಿ, ಅದು ನಿಜವಾಗಿ ಸುರಿದ ಮಳೆ.

ಹಂತ 4: ಗೆರೆ ಎಳೆಯುವುದು

ರಿಗ್ರೆಶನ್ ರೇಖೆ ಎಂದರೆ ಪ್ರತಿ ಚುಕ್ಕೆಯಿಂದ ಗೆರೆಗೆ ಇರುವ ಮೇಲು-ಕೆಳಗಿನ ಅಂತರಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಎಳೆದ ಗೆರೆ. ಅದಕ್ಕೆ ಈ ನಾಲ್ಕು ಸೂತ್ರ ಸಾಕು:

```
=SLOPE(C2:C9,B2:B9)
=INTERCEPT(C2:C9,B2:B9)
=RSQ(C2:C9,B2:B9)
=STEYX(C2:C9,B2:B9)
```

ಉತ್ತರಗಳು ಕ್ರಮವಾಗಿ 1.10, 2.98, 0.85, 7.72. ಅಂದರೆ ಕೊಲಾಬಾದ ಮಳೆಯನ್ನು 1.10ರಿಂದ ಗುಣಿಸಿ 2.98 ಕೂಡಿಸಿದರೆ ಸಾಂತಾಕ್ರೂಜ್‌ನ ಅಂದಾಜು ಸಿಗುತ್ತದೆ. ಯಾವುದನ್ನು ಊಹಿಸಬೇಕೋ ಆ ಕಾಲಂ ಸೂತ್ರದಲ್ಲಿ ಮೊದಲು ಬರಬೇಕು. ಹಿಂದುಮುಂದಾದರೆ 1.10ರ ಬದಲು 0.77 ಬರುತ್ತದೆ. ಹಾಳೆ ತಪ್ಪೆಂದು ಹೇಳುವುದಿಲ್ಲ, ನೀವೇ ಗಮನಿಸಬೇಕು.

ಏಳನೆಯ ದಿನದ 52.0 ಅನ್ನು 520 ಎಂದು ಬರೆದು ನೋಡಿ. ಇಳಿಜಾರು 1.10ರಿಂದ ಸುಮಾರು 5.7ಕ್ಕೆ ಹಾರುತ್ತದೆ, ಕೂಡಿಸುವ ಸಂಖ್ಯೆ ಮೈನಸ್ 30 ಆಗುತ್ತದೆ. ಕೊಲಾಬಾದಲ್ಲಿ ಮಳೆಯೇ ಇಲ್ಲದ ದಿನ ಸಾಂತಾಕ್ರೂಜ್‌ನಲ್ಲಿ ಮೈನಸ್ 30 ಮಿ.ಮೀ. ಮಳೆ! ಇಂಥ ಅಸಾಧ್ಯ ಉತ್ತರ ಕಂಡಾಗ ಮೊದಲು ಅಂಕಿಗಳನ್ನೇ ಅನುಮಾನಿಸಿ.

ಹಂತ 5: ಅಂದಾಜಿಗೆ ಅಂಚು ಹಾಕುವುದು

ಕೊಲಾಬಾದಲ್ಲಿ 30 ಮಿ.ಮೀ. ಬಿದ್ದಿದೆ ಎನ್ನಿ. ಗೆರೆಯ ಪ್ರಕಾರ ಸಾಂತಾಕ್ರೂಜ್‌ನಲ್ಲಿ 36 ಮಿ.ಮೀ. ಇಲ್ಲಿಗೆ ನಿಲ್ಲಿಸಬಾರದು. 0.85 ಎಂಬ ಅಂಕಿ ಗೆರೆ ಈ ಎಂಟು ಚುಕ್ಕೆಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುತ್ತದೆಯೇ ಹೊರತು, ನಾಳೆಯ ಅಂದಾಜು ಎಷ್ಟು ಮಿ.ಮೀ. ತಪ್ಪಬಹುದು ಎಂದು ಹೇಳುವುದಿಲ್ಲ. ಅದಕ್ಕೆ ಆಧಾರ 7.72, ಅಂದರೆ ಚುಕ್ಕೆಗಳು ಗೆರೆಯಿಂದ ಸಾಮಾನ್ಯವಾಗಿ ಆಚೀಚೆ ಇರುವ ಪ್ರಮಾಣ. ಎಂಟೇ ದಿನಗಳಿಂದ ಎಳೆದ ಗೆರೆಯೇ ಸ್ವಲ್ಪ ಅಲುಗಾಡುವುದರಿಂದ ಅದನ್ನೂ ಸೇರಿಸಬೇಕು:

```
=T.INV.2T(0.05,6)*STEYX(C2:C9,B2:B9)
 *SQRT(1+1/8+(30-AVERAGE(B2:B9))^2
 /DEVSQ(B2:B9))
```

ಇಲ್ಲಿ 8 ಎಂದರೆ ದಿನಗಳ ಸಂಖ್ಯೆ, 6 ಎಂದರೆ ಅದಕ್ಕಿಂತ ಎರಡು ಕಡಿಮೆ. ಉತ್ತರ ಸುಮಾರು 21. ಆದ್ದರಿಂದ ಅಂದಾಜನ್ನು "36 ಮಿ.ಮೀ., 15ರಿಂದ 57ರ ನಡುವೆ" ಎಂದು ಬರೆಯಬೇಕು. ಗೆರೆಯ ಲೆಕ್ಕಾಚಾರ ಸರಿಯಿದ್ದರೆ ಇಂಥ ಅಂಚುಗಳು 100ರಲ್ಲಿ 95 ಸಲ ನಿಜ ಮಳೆಯನ್ನು ಒಳಗೊಳ್ಳುತ್ತವೆ. 15 ಎಂದರೆ ಕೊಡೆ ಹಿಡಿದು ಹೋಗುವ ಮಳೆ, 57 ಎಂದರೆ ಒಳ್ಳೆಯ ಜೋರು ಮಳೆ. ಇಷ್ಟು ಹೊಂದುವ ಗೆರೆಯೂ ಅಷ್ಟು ಅಗಲದ ಉತ್ತರವನ್ನೇ ಕೊಡುತ್ತದೆ.

ಹಂತ 6: ಗೆರೆ ಎಲ್ಲಿ ಮುಗಿಯುತ್ತದೆ?

ನಮ್ಮ ಪಟ್ಟಿಯಲ್ಲಿ ಕೊಲಾಬಾದ ಅಂಕಿ 2ರಿಂದ 45ರವರೆಗೆ ಮಾತ್ರ ಇದೆ. ಅದರಾಚೆ ಗೆರೆ ಎಳೆದರೆ ಅದಕ್ಕೆ ಆಧಾರವಿಲ್ಲ. 2005ರ ಜುಲೈ 26ರ ಪ್ರಳಯದ ದಿನವನ್ನೇ ತೆಗೆದುಕೊಳ್ಳಿ. ಅಂದು ಕೊಲಾಬಾದಲ್ಲಿ ಬಿದ್ದದ್ದು 73.4 ಮಿ.ಮೀ. ನಮ್ಮ ಗೆರೆ ಸಾಂತಾಕ್ರೂಜ್‌ಗೆ 84 ಎನ್ನುತ್ತದೆ, ಅಂಚು ಹಾಕಿದರೆ 52ರಿಂದ 116. ಅಲ್ಲಿ ಸುರಿದದ್ದು 944.2 ಮಿ.ಮೀ.

2020ರ ಆಗಸ್ಟ್ 5ರಂದು ಇದು ತಿರುಗುಮುರುಗಾಯಿತು. ಕೊಲಾಬಾದಲ್ಲಿ 331.8 ಮಿ.ಮೀ. ಸುರಿದರೆ ಸಾಂತಾಕ್ರೂಜ್‌ನಲ್ಲಿ 162.3 ಮಾತ್ರ. ಗೆರೆ ಹೇಳುತ್ತಿದ್ದದ್ದು 368.

ಸಾಧಾರಣ ಮಳೆಯ ದಿನಗಳಲ್ಲಿ ಮೋಡ ಇಡೀ ಕರಾವಳಿಯನ್ನು ಮುಚ್ಚಿರುತ್ತದೆ, ಎರಡೂ ಕೇಂದ್ರಗಳು ಒಟ್ಟಿಗೆ ನೆನೆಯುತ್ತವೆ. ವಿಪರೀತ ಮಳೆಯಾದರೋ ಕೆಲವೇ ಕಿ.ಮೀ. ಅಗಲದ ದಟ್ಟ ಮೋಡ ಒಂದೇ ಜಾಗದಲ್ಲಿ ನಿಂತು ಸುರಿಯಬಹುದು. ಆಗ ಎರಡರ ನಡುವಿನ ನಂಟೇ ಬದಲಾಗುತ್ತದೆ. ಹೆಚ್ಚು ದಿನಗಳ ಫೋಟೊ ಕೂಡಿಸಿದರೆ ಗೆರೆಯ ಅಲುಗಾಟ ಕಡಿಮೆಯಾಗುತ್ತದೆ, ಆದರೆ ಈ ತೊಂದರೆ ಹೋಗುವುದಿಲ್ಲ.

ಇದರ ಮುನ್ಸೂಚನೆ ನಮ್ಮ ಚಿಕ್ಕ ಪಟ್ಟಿಯಲ್ಲೂ ಕಾಣುತ್ತದೆ. ಪ್ರತಿ ದಿನ ನಿಜ ಮಳೆಯಿಂದ ಗೆರೆಯ ಅಂದಾಜು ಕಳೆದು ನೋಡಿ. ಕೊಲಾಬಾದಲ್ಲಿ 14 ಮಿ.ಮೀ.ವರೆಗೆ ಬಿದ್ದ ನಾಲ್ಕು ದಿನಗಳಲ್ಲಿ ವ್ಯತ್ಯಾಸ 7 ಮಿ.ಮೀ. ಒಳಗಿದೆ, ಮಳೆ ಹೆಚ್ಚಿದ ಮುಂದಿನ ದಿನಗಳಲ್ಲಿ 10ರವರೆಗೆ ಹೋಗಿದೆ. ನಿಮ್ಮ ಪಟ್ಟಿಯಲ್ಲೂ ಹೀಗೆ ಬೀಸಣಿಗೆಯಂತೆ ಅಗಲವಾಗುತ್ತಿದ್ದರೆ, ಜೋರು ಮಳೆಗೆ ನೀವು ಹಾಕಿದ ಅಂಚು ಸಾಲದು ಎಂದು ತಿಳಿಯಿರಿ.

ನಿಮ್ಮ ಅಂದಾಜನ್ನು ಯಾರಿಗಾದರೂ ಹೇಳುವಾಗ ಮೂರು ಮಾತು ಕಡ್ಡಾಯವಾಗಿ ಜೊತೆಗಿರಲಿ: ಎಷ್ಟು ದಿನಗಳ ಅಂಕಿ, ಅವು ಎಷ್ಟರಿಂದ ಎಷ್ಟರವರೆಗೆ ಇದ್ದವು, ಅಂದಾಜಿನ ಅಂಚು ಎಷ್ಟು. ಭಾರೀ ಮಳೆಯ ದಿನ ಮಾತ್ರ ಈ ಗೆರೆಯನ್ನು ಬದಿಗಿಟ್ಟು ಹವಾಮಾನ ಇಲಾಖೆಯ ಎಚ್ಚರಿಕೆಯನ್ನೇ ನೋಡಿ ಮನೆಯಿಂದ ಹೊರಡಿ.