ಗಾಯಿಟ್ರೋಜನ್: ಕೋಸಿಗೆ ಬೆಂಕಿ ಸಾಕು, ಸಜ್ಜೆಗೆ ಸಾಲದು

ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸಿಕೊಳ್ಳುವುದಕ್ಕೆ ಅಡ್ಡಿಪಡಿಸುವ ವಸ್ತುಗಳೇ ಗಾಯಿಟ್ರೋಜನ್‌ಗಳು. ಹಾರ್ಮೋನು ಕುಗ್ಗಿದಾಗ ಪಿಟ್ಯುಟರಿಯ ಟಿಎಸ್‌ಎಚ್ ಏರಿ, ಗ್ರಂಥಿ ಊದಿಕೊಳ್ಳುತ್ತದೆ, ಅದೇ ಗಳಗಂಡ.

ಎಲೆಕೋಸು, ಹೂಕೋಸಿನಲ್ಲಿರುವುದು ಗ್ಲುಕೋಸಿನೊಲೇಟ್. ಹಸಿಯಾಗಿ ಹೆಚ್ಚಿದಾಗ ಅಥವಾ ಜಗಿದಾಗ ಮೈರೋಸಿನೇಸ್ ಕಿಣ್ವ ಅದನ್ನು ಒಡೆದು ಗಾಯಿಟ್ರಿನ್, ಥಯೋಸಯನೇಟ್‌ಗಳಿಗೆ ದಾರಿ ಮಾಡುತ್ತದೆ. ಕಾಸರಗೋಡಿನ ಮನೆಗಳಲ್ಲಿ ಕೋಸನ್ನು ಬೇಯಿಸಿ ತೆಂಗಿನತುರಿ ಹಾಕಿ ಪಲ್ಯ ಮಾಡುವಾಗ ಈ ಕಿಣ್ವ ಬಹುಪಾಲು ನಿಷ್ಕ್ರಿಯವಾಗುತ್ತದೆ. ನೀರಲ್ಲಿ ಕುದಿಸಿ ಬಸಿದರೆ ಗ್ಲುಕೋಸಿನೊಲೇಟೂ ಸ್ವಲ್ಪ ಹೋಗುತ್ತದೆ. ಪೂರ್ತಿಯಲ್ಲ: ಕರುಳಿನ ಬ್ಯಾಕ್ಟೀರಿಯಾಗಳು ಉಳಿದದ್ದನ್ನು ಕೊಂಚ ಒಡೆಯಬಲ್ಲವು.

ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಸಜ್ಜೆಯ ವಿಷಯದಲ್ಲಿ. ಕೊಪ್ಪಳ, ವಿಜಯಪುರದ ಕಡೆ ರೊಟ್ಟಿಯಾಗುವ ಈ ಧಾನ್ಯದಲ್ಲಿರುವುದು ವೈಟೆಕ್ಸಿನ್ ಮಾದರಿಯ ಫ್ಲೇವೋನ್. ಅದು ಥೈರಾಯ್ಡ್ ಪೆರಾಕ್ಸಿಡೇಸ್ ಕಿಣ್ವವನ್ನೇ ತಡೆಯುತ್ತದೆ, ಬೇಯಿಸಿದರೂ ಬಹುಪಾಲು ಉಳಿಯುತ್ತದೆ. ಹೊರಪದರದಲ್ಲಿ ಹೆಚ್ಚಿರುವುದರಿಂದ ತೌಡು ತೆಗೆದರೆ ತಗ್ಗುತ್ತದೆ. ಸುಡಾನಿನ ಡಾರ್ಫುರ್‌ನಲ್ಲಿ ಸಜ್ಜೆಯೇ ಮುಖ್ಯ ಆಹಾರವಾಗಿದ್ದೆಡೆ ಗಳಗಂಡ ವ್ಯಾಪಕವಾಗಿತ್ತು. ಅಲ್ಲಿ ಅಯೋಡಿನ್ ಕೊರತೆಯೂ ಇತ್ತು.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಿಗುತ್ತಿದ್ದರೆ ವಾರಕ್ಕೆರಡು ಸಲದ ಕೋಸಿನ ಪಲ್ಯ ಬಿಡಬೇಕಿಲ್ಲ. ಥೈರಾಯ್ಡ್ ರೋಗಿಗಳು ಹಸಿ ಕೋಸಿನ ರಸವನ್ನು ದಿನವೂ ಕುಡಿಯುವುದು ಬೇರೆ ಮಾತು. ಅಯೋಡಿನ್ ಕೊರತೆ ನೀಗಿಸಲು ಹೊರಟ ಭಾರತದ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರದ್ದು. 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆ ನಿಯಂತ್ರಣದ ಹೆಸರು ಬಂತು.